ಫೋನು ಹ್ಯಾಂಗ್ ಆಗ್ತಿದೆ, ತಾನಾಗೇ ರೀಸ್ಟಾರ್ಟ್ ಆಗ್ತಿದೆ: ತಪ್ಪು ಆಪ್‌ದಾ, ಫೋನ್‌ದಾ? ಸೇಫ್ ಮೋಡ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವುದೆಲ್ಲ ಆಂಡ್ರಾಯ್ಡ್ ಫೋನಿನ ವಿಷಯ. ಫೋನು ಕೈಕೊಡೋಕೆ ಶುರು ಮಾಡಿದ ಕೂಡಲೇ ಹೆಚ್ಚಿನವರು ಫ್ಯಾಕ್ಟರಿ ರೀಸೆಟ್ ಮಾಡಿಬಿಡುತ್ತಾರೆ, ಇಲ್ಲ ಅಂದರೆ ರಿಪೇರಿ ಅಂಗಡಿಗೆ ಓಡುತ್ತಾರೆ. ಅದಕ್ಕೆ ಮೊದಲು, ಒಂದು ಪೈಸೆ ಖರ್ಚಿಲ್ಲದೆ, ಏನನ್ನೂ ಅಳಿಸದೆ ಮಾಡಬಹುದಾದ ಪರೀಕ್ಷೆ ಇದು.

ಸೇಫ್ ಮೋಡ್‌ನಲ್ಲಿ ಫೋನು ಏನು ಮಾಡುತ್ತದೆ?

ಫೋನಿನ ಜೊತೆಗೇ ಬಂದ ಆಪ್‌ಗಳನ್ನು ಮಾತ್ರ ಓಡಲು ಬಿಡುತ್ತದೆ. ನೀವು ಆಮೇಲೆ ಹಾಕಿಕೊಂಡ ಆಪ್‌ಗಳೆಲ್ಲ ಫೋನಿನಲ್ಲೇ ಇರುತ್ತವೆ, ಆದರೆ ಎದ್ದು ಕೆಲಸ ಮಾಡೋದಿಲ್ಲ. ಅವುಗಳ ಐಕಾನ್ ಬೂದು ಬಣ್ಣಕ್ಕೆ ತಿರುಗಿರುತ್ತದೆ, ಇಲ್ಲವೇ ಕಾಣೋದೇ ಇಲ್ಲ. ಪರದೆಯ ಕೆಳಗೆ ಎಡ ಮೂಲೆಯಲ್ಲಿ Safe mode ಅಂತ ಬರೆದಿರುತ್ತದೆ. ಫೋನು ಕನ್ನಡದಲ್ಲಿದ್ದರೆ ಅದೇ ಜಾಗದಲ್ಲಿ ಕನ್ನಡದ ಹೆಸರು ಬರುತ್ತದೆ.

ಇದು ರಿಪೇರಿ ಅಲ್ಲ. ಸೇಫ್ ಮೋಡ್‌ಗೆ ಹೋಗಿಬಂದ ಮಾತ್ರಕ್ಕೆ ಯಾವ ತೊಂದರೆಯೂ ವಾಸಿಯಾಗೋದಿಲ್ಲ. ಒಂದು ಪ್ರಶ್ನೆಗೆ ಮಾತ್ರ ಉತ್ತರ ಸಿಗುತ್ತದೆ: ನಾನು ಹಾಕಿಕೊಂಡ ಆಪ್‌ಗಳೆಲ್ಲ ಸುಮ್ಮನಿದ್ದಾಗಲೂ ಈ ತೊಂದರೆ ಬರುತ್ತದಾ, ಇಲ್ವಾ?

ಫೋಟೊ, ಮೆಸೇಜು ಏನಾದರೂ ಅಳಿಸಿಹೋಗುತ್ತದಾ?

ಇಲ್ಲ. ಹೋಗಬಹುದಾದ್ದು ಅಂದರೆ ಹೋಮ್ ಸ್ಕ್ರೀನ್ ಮೇಲೆ ಇಟ್ಟುಕೊಂಡ ಕೆಲವು ವಿಜೆಟ್‌ಗಳು. ಹವಾಮಾನ, ಕ್ಯಾಲೆಂಡರ್, ಪಂಚಾಂಗ ಅಂತ ಜೋಡಿಸಿಟ್ಟಿದ್ದರೆ ಮೊದಲೇ ಒಂದು ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಆಚೆ ಬಂದ ಮೇಲೆ ಅವನ್ನು ಮತ್ತೆ ಇಡಬೇಕಾಗಬಹುದು.

ಇನ್ನೊಂದು ಮಾತು. ರೀಸ್ಟಾರ್ಟ್ ಆದ ಮೇಲೆ ಬೆರಳಚ್ಚು ನಡೆಯೋದಿಲ್ಲ, ಪಿನ್ ಅಥವಾ ಪ್ಯಾಟರ್ನ್ ಹಾಕಲೇಬೇಕು. ಅಪ್ಪ ಅಮ್ಮನ ಫೋನಿನಲ್ಲಿ ಈ ಪರೀಕ್ಷೆ ಮಾಡುತ್ತಿದ್ದರೆ ಪಿನ್ ನೆನಪಿದೆಯಾ ಅಂತ ಮೊದಲು ಕೇಳಿ. ವರ್ಷಗಟ್ಟಲೆ ಬೆರಳಲ್ಲೇ ತೆರೆಯುತ್ತಿದ್ದವರಿಗೆ ಅದು ಮರೆತೇ ಹೋಗಿರುತ್ತದೆ.

ಸೇಫ್ ಮೋಡ್‌ಗೆ ಹೋಗುವ ಮೊದಲು ಏನನ್ನು ಗಮನಿಸಬೇಕು?

ತೊಂದರೆ ಯಾವ ಥರದ್ದು ಅಂತ. ಇದನ್ನು ಬಿಟ್ಟು ನೇರ ಸೇಫ್ ಮೋಡ್‌ಗೆ ಹೋದರೆ ಅರ್ಧ ಮಾಹಿತಿ ಕೈತಪ್ಪುತ್ತದೆ.

ಒಂದೇ ಆಪ್ ಮುಚ್ಚಿಹೋಗುತ್ತಿದ್ದು, ಬೇರೆಲ್ಲ ಚೆನ್ನಾಗಿದ್ದರೆ ಸೇಫ್ ಮೋಡ್ ಬೇಡವೇ ಬೇಡ. ಆ ಆಪ್ ಅನ್ನು ಅಪ್‌ಡೇಟ್ ಮಾಡಿ, ಅದು ತಾತ್ಕಾಲಿಕವಾಗಿ ಕೂಡಿಟ್ಟುಕೊಂಡ ಮಾಹಿತಿ ಅಂದರೆ ಕ್ಯಾಶ್ ಅಳಿಸಿ, ಆಗದಿದ್ದರೆ ತೆಗೆದು ಮತ್ತೆ ಹಾಕಿ. "ಆಪ್ ಪ್ರತಿಕ್ರಿಯಿಸುತ್ತಿಲ್ಲ" ಅನ್ನುವ ಸಂದೇಶ ಬಂದರೂ ಅಷ್ಟೇ. ನೀವು ಪರದೆ ಮುಟ್ಟಿ 5 ಸೆಕೆಂಡ್ ಆದರೂ ಆಪ್ ಉತ್ತರ ಕೊಡದಿದ್ದರೆ ಆಂಡ್ರಾಯ್ಡ್ ಅದನ್ನು ತೋರಿಸುತ್ತದೆ. ಅಲ್ಲಿ ಆಪ್‌ನ ಹೆಸರು ಇರುತ್ತದೆ, ಒಮ್ಮೆ ಓದಿ ಬರೆದಿಟ್ಟುಕೊಳ್ಳಿ.

ಇಡೀ ಫೋನು ಹೆಪ್ಪುಗಟ್ಟುತ್ತಿದ್ದರೆ, ಇಲ್ಲವೇ ಎಲ್ಲ ಆಪ್‌ಗಳೂ ಸರದಿಯಲ್ಲಿ ಬೀಳುತ್ತಿದ್ದರೆ, ಇಲ್ಲವೇ ತಾನಾಗೇ ರೀಸ್ಟಾರ್ಟ್ ಆಗುತ್ತಿದ್ದರೆ, ಆಗ ಈ ಪರೀಕ್ಷೆಗೆ ಅರ್ಥ ಇದೆ.

ರೀಸ್ಟಾರ್ಟ್‌ನಲ್ಲೂ ಎರಡು ಬಗೆ ಇದೆ. ಇದು ಗೊತ್ತಿರುವವರು ಕಡಿಮೆ. ಒಂದು ಬಗೆಯಲ್ಲಿ ಫೋನು ಪೂರ್ತಿ ಆಫ್ ಆಗಿ, ಕಂಪನಿಯ ಮೊದಲ ಲೋಗೋದಿಂದ ಶುರುವಾಗುತ್ತದೆ. ಇನ್ನೊಂದರಲ್ಲಿ ಫೋನಿನ ಬುಡದಲ್ಲಿರುವ ಕರ್ನಲ್ ಓಡುತ್ತಲೇ ಇರುತ್ತದೆ, ಅದರ ಮೇಲಿನ ಆಂಡ್ರಾಯ್ಡ್ ಪದರ ಮಾತ್ರ ಬಿದ್ದು ಮತ್ತೆ ಏಳುತ್ತದೆ. ನೋಡುವವರಿಗೆ ಎರಡೂ ಒಂದೇ ಥರ ಕಾಣಬಹುದು. ಗುರುತಿಸೋದು ಸುಲಭ: ತಾನಾಗೇ ರೀಸ್ಟಾರ್ಟ್ ಆದ ಕೂಡಲೇ ಸೆಟ್ಟಿಂಗ್ಸ್‌ನಲ್ಲಿ About phone ತೆರೆದು Up time ನೋಡಿ. ಸ್ಯಾಮ್‌ಸಂಗ್‌ನಲ್ಲಿ ಇದು Status information ಒಳಗಿರುತ್ತದೆ. ಅಲ್ಲಿ ಎರಡು ಮೂರು ನಿಮಿಷ ಅಂತಿದ್ದರೆ ಪೂರ್ತಿ ರೀಸ್ಟಾರ್ಟ್. ಈಗಷ್ಟೇ ರೀಸ್ಟಾರ್ಟ್ ಆದ ಫೋನಿನಲ್ಲಿ ನೂರು ಗಂಟೆ ಅಂತ ತೋರಿಸುತ್ತಿದ್ದರೆ ಬಿದ್ದದ್ದು ಆಂಡ್ರಾಯ್ಡ್ ಪದರ ಮಾತ್ರ.

ಎರಡನೆಯದಾದರೆ ಬ್ಯಾಟರಿಯ ಮೇಲಿನ ಅನುಮಾನ ಬಹುಮಟ್ಟಿಗೆ ಬಿಡಬಹುದು. ಕರೆಂಟೇ ಹೋಗಿದ್ದರೆ ಆ ಗಡಿಯಾರ ಸೊನ್ನೆಯಿಂದ ಶುರುವಾಗಬೇಕಿತ್ತು, ಅಲ್ವಾ? ಹೀಗೆ ಆಗೋದಕ್ಕೆ ಒಂದು ಕಾರಣ ಇದು: ಆಂಡ್ರಾಯ್ಡ್‌ನ ಮುಖ್ಯ ಪ್ರಕ್ರಿಯೆ ಎಲ್ಲೋ ಸಿಕ್ಕಿಹಾಕಿಕೊಂಡು ಸುಮಾರು 60 ಸೆಕೆಂಡ್ ಅಲುಗದಿದ್ದರೆ, ಕಾವಲಿಗಿರುವ ವಾಚ್‌ಡಾಗ್ ಅದನ್ನು ಕೊಂದು ಹೊಸದಾಗಿ ಶುರು ಮಾಡುತ್ತದೆ. ಮೊದಲು ಹೆಪ್ಪುಗಟ್ಟಿ, ಆಮೇಲೆ ರೀಸ್ಟಾರ್ಟ್ ಆಗುವ ಫೋನುಗಳಲ್ಲಿ ಈ ಅನುಮಾನ ಬಲವಾಗಿರುತ್ತದೆ.

ಸೇಫ್ ಮೋಡ್‌ಗೆ ಹೋಗೋದು ಹೇಗೆ?

ಮೊದಲು ಒಂದು ಸಾಮಾನ್ಯ ರೀಸ್ಟಾರ್ಟ್ ಮಾಡಿ, ತೊಂದರೆ ಮತ್ತೆ ಬರುತ್ತದಾ ನೋಡಿ. ಯಾಕೆ ಅಂದರೆ ಸೇಫ್ ಮೋಡ್‌ಗೆ ಹೋಗುವುದೂ ಒಂದು ರೀಸ್ಟಾರ್ಟೇ. ಸುಮ್ನೆ ರೀಸ್ಟಾರ್ಟ್‌ಗೇ ಸರಿಹೋಗುವ ತೊಂದರೆಯಾಗಿದ್ದರೆ, ಸೇಫ್ ಮೋಡ್‌ನಲ್ಲಿ ಸರಿಹೋಯಿತು ಅಂತ ಯಾವುದೋ ಪಾಪದ ಆಪ್ ಮೇಲೆ ಗೂಬೆ ಕೂರಿಸುತ್ತೀರಿ.

ಪಿಕ್ಸೆಲ್ ಫೋನುಗಳಲ್ಲಿ ಪವರ್ ಬಟನ್ ಮತ್ತು ವಾಲ್ಯೂಮ್ ಹೆಚ್ಚಿಸುವ ಬಟನ್ ಒಟ್ಟಿಗೆ ಒತ್ತಿದರೆ ಪವರ್ ಮೆನು ಬರುತ್ತದೆ. ಅಲ್ಲಿ Power off ಮೇಲೆ ಬೆರಳಿಟ್ಟು ಹಾಗೇ ಹಿಡಿಯಿರಿ. Reboot to safe mode ಅಂತ ಕೇಳುತ್ತದೆ, OK ಒತ್ತಿ.

ಸ್ಯಾಮ್‌ಸಂಗ್‌ನಲ್ಲಿ ಪವರ್ ಮೆನುವಿನ Power off ಚಿತ್ರವನ್ನು ಒತ್ತಿ ಹಿಡಿದರೆ ಅದೇ Safe mode ಆಗಿ ಬದಲಾಗುತ್ತದೆ. ಆಮೇಲೆ ಅದನ್ನು ಒಮ್ಮೆ ಒತ್ತಬೇಕು. ಪವರ್ ಮೆನು ಸಿಗದಿದ್ದರೆ ಪರದೆಯನ್ನು ಮೇಲಿಂದ ಕೆಳಗೆ ಎಳೆಯಿರಿ, ಅಲ್ಲೊಂದು ಪವರ್ ಚಿಹ್ನೆ ಇರುತ್ತದೆ.

ಪರದೆ ಸ್ಪರ್ಶಕ್ಕೇ ಸ್ಪಂದಿಸದಷ್ಟು ಫೋನು ಹದಗೆಟ್ಟಿದ್ದರೆ ಬಟನ್ ದಾರಿ ಇದೆ. ಫೋನ್ ಆಫ್ ಮಾಡಿ ಆನ್ ಮಾಡಿ. ಲೋಗೋ ಕಂಡ ಕೂಡಲೇ ವಾಲ್ಯೂಮ್ ಕಡಿಮೆ ಮಾಡುವ ಬಟನ್ ಒತ್ತಿಹಿಡಿದು, ಫೋನು ಪೂರ್ತಿ ತೆರೆದುಕೊಳ್ಳುವವರೆಗೂ ಬಿಡಬೇಡಿ. ಬೇರೆ ಕಂಪನಿಗಳ ಹಲವು ಫೋನುಗಳಲ್ಲೂ ಇದು ನಡೆಯುತ್ತದೆ. ಹೆಪ್ಪುಗಟ್ಟಿದ ಸ್ಯಾಮ್‌ಸಂಗ್ ಫೋನ್ ಆಫೇ ಆಗುತ್ತಿಲ್ಲ ಅಂದರೆ ಪವರ್ ಮತ್ತು ವಾಲ್ಯೂಮ್ ಕಡಿಮೆ ಮಾಡುವ ಬಟನ್ ಎರಡನ್ನೂ ಏಳು ಸೆಕೆಂಡಿಗಿಂತ ಜಾಸ್ತಿ ಒತ್ತಿ ಹಿಡಿದರೆ ಬಲವಂತವಾಗಿ ರೀಸ್ಟಾರ್ಟ್ ಆಗುತ್ತದೆ.

ಬಟನ್ ಒತ್ತಿದ್ದಕ್ಕೆ Wipe data ಅಂತೆಲ್ಲ ಬರೆದ ಕಪ್ಪು ಪರದೆ ಬಂತು. ಇದೇನಾ ಸೇಫ್ ಮೋಡ್?

ಅಲ್ಲ! ಅದು ರಿಕವರಿ, ಫೋನು ಹದಗೆಟ್ಟಾಗ ಬಳಸುವ ಬೇರೆಯೇ ಮೆನು. ಬಟನ್ ಜೋಡಿ ತಪ್ಪಿದಾಗ ಅಲ್ಲಿಗೆ ಹೋಗುತ್ತದೆ. Wipe data ಒತ್ತಿದರೆ ಫೋನಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಅಲ್ಲಿ ಬೇರೇನನ್ನೂ ಮುಟ್ಟದೆ Reboot ಆರಿಸಿ ಆಚೆ ಬನ್ನಿ. ವಾಲ್ಯೂಮ್ ಬಟನ್‌ನಿಂದ ಸಾಲು ಬದಲಿಸಿ, ಪವರ್ ಬಟನ್‌ನಿಂದ ಆರಿಸುವುದು ಸಾಮಾನ್ಯ ಕ್ರಮ.

ಸೇಫ್ ಮೋಡ್‌ನಲ್ಲಿ ನೆಟ್‌ವರ್ಕೇ ಇಲ್ಲ. ಸಿಮ್ ಹಾಳಾಯ್ತಾ?

ಇಲ್ಲ. ಈಗಿನ ಹಲವು ಫೋನುಗಳು ಸೇಫ್ ಮೋಡ್‌ಗೆ ಹೋಗುವಾಗ ಏರ್‌ಪ್ಲೇನ್ ಮೋಡ್ ತಾವೇ ಹಾಕಿಕೊಳ್ಳುತ್ತವೆ. ಮೇಲಿಂದ ಎಳೆದು ಅದನ್ನು ಆಫ್ ಮಾಡಿ.

ಇದು ಸಣ್ಣ ವಿಷಯ ಅನಿಸಬಹುದು, ಆದರೆ ಪರೀಕ್ಷೆ ಕೆಡೋದು ಹೆಚ್ಚಾಗಿ ಇಲ್ಲೇ. ನೆಟ್‌ವರ್ಕ್ ಇಲ್ಲದ ಫೋನಿಗೆ ಕಾಲ್ ಬರೋದಿಲ್ಲ, ಸಿಗ್ನಲ್ ಹುಡುಕುವ ಕೆಲಸ ಇರೋದಿಲ್ಲ, ಡೇಟಾ ಓಡೋದಿಲ್ಲ. ಅಂಥ ಫೋನು ಹ್ಯಾಂಗ್ ಆಗದೆ ಕೂತರೆ ಆಶ್ಚರ್ಯ ಏನಿಲ್ಲ. ಅದರಿಂದ ಆಪ್‌ನ ತಪ್ಪು ಅಂತ ತೀರ್ಮಾನಿಸಿದರೆ ಕೆಟ್ಟಿರೋದು ಸಿಮ್ ಸ್ಲಾಟೋ ಮೋಡೆಮ್ಮೋ ಆಗಿದ್ದಾಗ ತಿಳಿಯೋದೇ ಇಲ್ಲ.

ಕನ್ನಡ ಕೀಬೋರ್ಡ್ ಮಾಯ, ವಾಟ್ಸಾಪ್ ಇಲ್ಲ, ಅಲಾರಂ ಹೊಡೆಯಲಿಲ್ಲ. ಸರೀನಾ?

ಸರಿ. ಕೀಬೋರ್ಡ್ ಕೂಡ ಒಂದು ಆಪ್. ನೀವು ಆಮೇಲೆ ಹಾಕಿಕೊಂಡದ್ದಾದರೆ ಅದೂ ಮಲಗಿರುತ್ತದೆ, ಫೋನಿನ ಸ್ವಂತ ಕೀಬೋರ್ಡ್ ಬರುತ್ತದೆ. ಹೋಮ್ ಸ್ಕ್ರೀನ್ ಬದಲಿಸುವ ಲಾಂಚರ್ ಆಪ್ ಹಾಕಿದ್ದರೆ ಪರದೆಯ ರೂಪವೇ ಬೇರೆಯಾಗಿ ಕಾಣುತ್ತದೆ. ಫೋನಿನ ಜೊತೆ ಬಂದ ಗಡಿಯಾರದ ಅಲಾರಂ ಹೊಡೆಯುತ್ತದೆ, ಬೇರೆ ಅಲಾರಂ ಆಪ್‌ನದು ಹೊಡೆಯೋದಿಲ್ಲ. ಮಾತ್ರೆ ನೆನಪಿಸುವ ಆಪ್, ಸಕ್ಕರೆ ಅಳೆಯುವ ಯಂತ್ರಕ್ಕೆ ಜೋಡಿಸಿದ ಆಪ್ ಇಂಥವನ್ನು ನಂಬಿಕೊಂಡವರ ಫೋನನ್ನು ರಾತ್ರಿಯಿಡೀ ಸೇಫ್ ಮೋಡ್‌ನಲ್ಲಿ ಬಿಡಬೇಡಿ.

ಕಾಲ್, ಎಸ್ಸೆಮ್ಮೆಸ್ ಮಾತ್ರ ಎಂದಿನಂತೆ ನಡೆಯುತ್ತವೆ. ಯುಪಿಐ ಆಪ್‌ಗಳು ತೆರೆಯೋದಿಲ್ಲ, ಆದ್ದರಿಂದ ಅಂಗಡಿಗೆ ಹೋಗುವಾಗ ಕೈಯಲ್ಲಿ ಒಂದಿಷ್ಟು ನಗದು ಇರಲಿ.

ಎಷ್ಟು ಹೊತ್ತು ಸೇಫ್ ಮೋಡ್‌ನಲ್ಲಿಟ್ಟು ನೋಡಬೇಕು?

"ಒಂದು ಗಂಟೆ ಸಾಕು" ಅಂತ ಎಲ್ಲರಿಗೂ ಒಂದೇ ಲೆಕ್ಕ ಹೇಳಲಾಗದು. ತೊಂದರೆ ಎಷ್ಟು ಹೊತ್ತಿಗೊಮ್ಮೆ ಬರುತ್ತಿತ್ತು ಅನ್ನುವುದರ ಮೇಲೆ ಹೋಗುತ್ತದೆ.

ಹೊತ್ತುಗೊತ್ತಿಲ್ಲದೆ, ಸರಾಸರಿ ದಿನಕ್ಕೊಮ್ಮೆ ಹ್ಯಾಂಗ್ ಆಗುವ ಫೋನನ್ನು ತೆಗೆದುಕೊಳ್ಳಿ. ಅದಕ್ಕೆ ಏನೂ ಮಾಡದೆ ಬಿಟ್ಟರೂ ಒಂದು ದಿನ ಹ್ಯಾಂಗ್ ಆಗದೆ ಕಳೆಯುವ ಸಾಧ್ಯತೆ ಮೂರರಲ್ಲಿ ಒಂದಕ್ಕಿಂತ ಜಾಸ್ತಿ. ಅಂದರೆ ಒಂದು ದಿನದ ಸೇಫ್ ಮೋಡ್‌ನಿಂದ ಏನೂ ಗೊತ್ತಾಗಲ್ಲ. ಮೂರು ದಿನ ಹಾಗೆ ಕಳೆಯುವ ಸಾಧ್ಯತೆ ನೂರಕ್ಕೆ 5ರಷ್ಟು. ಹಾಗಾಗಿ ನಾನು ಹೇಳೋದು, ಮಾಮೂಲಿ ಅಂತರದ ಮೂರು ಪಟ್ಟು ಕಾಯಿರಿ. ಗಂಟೆಗೊಮ್ಮೆ ಬರುವುದಾದರೆ ಮೂರು ಗಂಟೆ, ದಿನಕ್ಕೊಮ್ಮೆ ಬರುವುದಾದರೆ ಮೂರು ದಿನ.

ವಾರಕ್ಕೊಮ್ಮೆ ಬರುವ ತೊಂದರೆಗೆ ಮೂರು ವಾರ ವಾಟ್ಸಾಪ್ ಇಲ್ಲದೆ ಯಾರಿರುತ್ತಾರೆ? ಅಂಥದಕ್ಕೆ ಸೇಫ್ ಮೋಡ್ ಬಿಟ್ಟು, ಕೆಳಗೆ ಹೇಳಿರುವ ಅರ್ಧರ್ಧ ಮಾಡುವ ದಾರಿ ಹಿಡಿಯಿರಿ.

ಸೇಫ್ ಮೋಡ್‌ನಲ್ಲಿ ಫೋನನ್ನು ಸುಮ್ನೆ ಇಟ್ಟರೆ ಸಾಕಾ?

ಸಾಲದು. ತೊಂದರೆ ಯಾವಾಗ ಬರುತ್ತಿತ್ತೋ ಅದೇ ಸನ್ನಿವೇಶ ತನ್ನಿ. ಚಾರ್ಜಿಗೆ ಹಾಕಿದಾಗ ಬರುತ್ತಿದ್ದರೆ ಚಾರ್ಜಿಗೆ ಹಾಕಿ. ಮೊಬೈಲ್ ಡೇಟಾದಲ್ಲಿ ಬರುತ್ತಿದ್ದರೆ ವೈಫೈ ಆಫ್ ಮಾಡಿ. ಕ್ಯಾಮೆರಾದಲ್ಲಿ ಹತ್ತು ನಿಮಿಷ ವಿಡಿಯೊ ತೆಗೆಯಿರಿ, ಬ್ರೌಸರ್‌ನಲ್ಲಿ ಭಾರದ ಪುಟಗಳನ್ನು ತೆರೆಯಿರಿ, ಕಾಲ್ ಮಾಡಿ. ಇವೆಲ್ಲ ಫೋನಿನ ಜೊತೆ ಬಂದ ಆಪ್‌ಗಳಾದ್ದರಿಂದ ಸೇಫ್ ಮೋಡ್‌ನಲ್ಲೂ ನಡೆಯುತ್ತವೆ.

ಬ್ಯಾಟರಿ ಮಟ್ಟವನ್ನೂ ಗಮನಿಸಿ. ಹಳೇ ಬ್ಯಾಟರಿ ನೂರಕ್ಕೆ 80 ಚಾರ್ಜ್ ಇದ್ದಾಗ ತಡೆದುಕೊಂಡು, 30ಕ್ಕೆ ಇಳಿದಾಗ ಫ್ಲ್ಯಾಶ್ ಹೊಡೆದ ಕ್ಷಣಕ್ಕೇ ಫೋನನ್ನು ಆಫ್ ಮಾಡಬಹುದು. ಪರೀಕ್ಷೆಯ ಹೊತ್ತಿಡೀ ಚಾರ್ಜರ್ ಚುಚ್ಚಿಟ್ಟರೆ ಆ ದೋಷ ಹೊರಗೆ ಬರೋದೇ ಇಲ್ಲ.

ಸೇಫ್ ಮೋಡ್‌ನಲ್ಲೂ ಹ್ಯಾಂಗ್ ಆಯ್ತು. ಹಾಗಾದರೆ ಹಾರ್ಡ್‌ವೇರ್ ದೋಷವೇ?

ಅಷ್ಟು ಬೇಗ ಹೇಳಬೇಡಿ. ನೀವು ಹಾಕಿದ ಆಪ್‌ಗಳ ಮೇಲಿನ ಅನುಮಾನ ಕಡಿಮೆಯಾಯಿತು, ಅಷ್ಟೇ. ಇನ್ನೂ ಮೂರು ಅನುಮಾನ ಉಳಿದಿವೆ.

ಮೊದಲನೆಯದು, ಫೋನಿನ ಜೊತೆಗೇ ಬಂದ ಆಪ್. ಸೇಫ್ ಮೋಡ್ ನೋಡೋದು ಆಪ್ ಯಾರು ಮಾಡಿದ್ದು ಅಂತ ಅಲ್ಲ, ಅದು ಫೋನಿನ ಸಿಸ್ಟಂ ಭಾಗದಲ್ಲಿ ಇದೆಯಾ ಅಂತ. ಹಲವು ಫೋನುಗಳಲ್ಲಿ ಫೇಸ್‌ಬುಕ್ ಥರದ ಆಪ್‌ಗಳು ಕಾರ್ಖಾನೆಯಿಂದಲೇ ಬಂದಿರುತ್ತವೆ. ಅವು ಹೊರಗಿನ ಕಂಪನಿಯವೇ ಆದರೂ ಸೇಫ್ ಮೋಡ್‌ನಲ್ಲಿ ಓಡುತ್ತವೆ. ಗುರುತು ಹೀಗೆ: ಆಪ್‌ನ App info ತೆರೆದಾಗ Uninstall ಬದಲು Disable ಇದ್ದರೆ ಅದು ಸಿಸ್ಟಂ ಆಪ್.

ಅಷ್ಟೇ ಅಲ್ಲ, ಸಿಸ್ಟಂ ಆಪ್‌ಗೆ ಪ್ಲೇ ಸ್ಟೋರ್‌ನಿಂದ ಬಂದ ಹೊಸ ಅಪ್‌ಡೇಟ್ ಕೂಡ ಸೇಫ್ ಮೋಡ್‌ನಲ್ಲಿ ಹಾಗೇ ಇರುತ್ತದೆ. 2021ರ ಮಾರ್ಚ್‌ನಲ್ಲಿ ಇದಕ್ಕೊಂದು ದೊಡ್ಡ ಉದಾಹರಣೆ ಸಿಕ್ಕಿತು. ಜೀಮೇಲ್ ಸೇರಿ ಎಷ್ಟೋ ಆಪ್‌ಗಳು ತೆರೆದ ಕೂಡಲೇ ಮುಚ್ಚಿಹೋಗತೊಡಗಿದವು. ಜನ ಒಂದೊಂದೇ ಆಪ್ ಅನ್ನು ಬೈದರು. ದೋಷ ಇದ್ದದ್ದು ಆಪ್‌ಗಳ ಒಳಗೆ ವೆಬ್ ಪುಟ ತೋರಿಸುವ Android System WebView ಅನ್ನುವ ಗೂಗಲ್‌ನದೇ ಸಿಸ್ಟಂ ಭಾಗದಲ್ಲಿ. ಗೂಗಲ್ ಹೊಸ ಅಪ್‌ಡೇಟ್ ಕೊಟ್ಟ ಮೇಲೆ ಸರಿಹೋಯಿತು. ಅದಕ್ಕೆ ಮೊದಲು ಅದರ ಅಪ್‌ಡೇಟ್ ತೆಗೆದುಹಾಕಿ ದಾರಿ ಕಂಡುಕೊಂಡವರೂ ಇದ್ದರು. ಸೇಫ್ ಮೋಡ್ ಇಂಥದ್ದನ್ನು ಬೇರ್ಪಡಿಸಿ ತೋರಿಸಲಾರದು. ಸಿಸ್ಟಂ ಆಪ್ ಮೇಲೆ ಅನುಮಾನ ಇದ್ದರೆ ಅದರ App info ಪುಟದ ಮೂರು ಚುಕ್ಕಿ ಒತ್ತಿ Uninstall updates ಪ್ರಯತ್ನಿಸಿ.

ಎರಡನೆಯದು, ಜಾಗ. ಸ್ಟೋರೇಜ್ ತುಂಬಿ ತುಳುಕುತ್ತಿದ್ದರೆ ಫೋನು ಸೇಫ್ ಮೋಡ್‌ನಲ್ಲೂ ತೆವಳುತ್ತದೆ, ಯಾಕೆ ಅಂದರೆ ಸೇಫ್ ಮೋಡ್ ಏನನ್ನೂ ಅಳಿಸೋದಿಲ್ಲ. ಕೆಲವು ಜಿಬಿ ಖಾಲಿ ಮಾಡಿ ನೋಡಿ. ಮೆಮೊರಿ ಕಾರ್ಡ್ ಇದ್ದರೆ ಅದನ್ನೂ ತೆಗೆದು ನೋಡಿ.

ಮೂರನೆಯದೇ ಹಾರ್ಡ್‌ವೇರ್. ಸೇಫ್ ಮೋಡ್‌ನಲ್ಲೂ ಪೂರ್ತಿ ರೀಸ್ಟಾರ್ಟ್ ಆಗುತ್ತಿದ್ದು, Up time ಪ್ರತಿಸಲ ಸೊನ್ನೆಗೆ ಬರುತ್ತಿದ್ದರೆ, ಫೋನಿನ ಬೆನ್ನು ಉಬ್ಬಿದ್ದರೆ, ಕೆಳಗೆ ಬಿದ್ದ ಮೇಲೆ ಶುರುವಾಗಿದ್ದರೆ, ಆಗ ಅಂಗಡಿಗೆ ಹೋಗಿ. ಉಬ್ಬಿದ ಬ್ಯಾಟರಿಯ ಫೋನನ್ನು ಚಾರ್ಜಿಗೆ ಹಾಕಿ ಪರೀಕ್ಷೆ ಮಾಡುತ್ತಾ ಕೂರಬೇಡಿ.

ಸೇಫ್ ಮೋಡ್‌ನಲ್ಲಿ ಏನೂ ಆಗಲಿಲ್ಲ. ಅಂದರೆ ಆಪ್‌ನದೇ ತಪ್ಪು, ಅಲ್ವಾ?

ಬಹುಶಃ. ಆದರೆ ಒಂದು ಹೆಜ್ಜೆ ಬಾಕಿ ಇದೆ. ಮಾಮೂಲಿ ಸ್ಥಿತಿಗೆ ವಾಪಸ್ ಬಂದು, ತೊಂದರೆ ಮತ್ತೆ ಬರುತ್ತದಾ ನೋಡಬೇಕು. ಬಂದರೆ ಮಾತ್ರ ಮಾತು ಪಕ್ಕಾ. ಬರದಿದ್ದರೆ ರೀಸ್ಟಾರ್ಟ್‌ಗೇ ಸರಿಹೋಗಿರಬಹುದು, ಅಥವಾ ಆ ನಡುವೆ ಯಾವುದೋ ಆಪ್ ಅಪ್‌ಡೇಟ್ ಆಗಿರಬಹುದು.

ಹತ್ತಾರು ಆಪ್‌ಗಳು ಮಲಗಿದಾಗ ಫೋನಿನ ಹೊರೆಯೂ ಇಳಿಯುತ್ತದೆ ಅನ್ನುವುದನ್ನೂ ಮರೆಯಬಾರದು. ಕಡಿಮೆ RAM ಇರುವ ಫೋನಿನಲ್ಲಿ ಯಾವೊಂದು ಆಪ್‌ನದೂ ತಪ್ಪಿಲ್ಲದೆ, ಎಲ್ಲ ಸೇರಿ ಉಸಿರುಗಟ್ಟಿಸಿರಬಹುದು. ಬ್ಯಾಟರಿ ಸೊರಗಿದ ಫೋನೂ ಹೊರೆ ಇಳಿದಾಗ ಗಟ್ಟಿಮುಟ್ಟಾಗಿ ಕಾಣುತ್ತದೆ. ಅದಕ್ಕೇ ಮೊದಲೇ Up time ನೋಡಿಟ್ಟುಕೊಳ್ಳಿ ಅಂದದ್ದು.

ಸರಿ, ಇಷ್ಟು ಆಪ್‌ಗಳಲ್ಲಿ ಯಾವುದು ಅಂತ ಹಿಡಿಯೋದು ಹೇಗೆ?

ಒಂದು ನಿಜವಾದ ಫೋನಿನ ಕಥೆ ಹೇಳುತ್ತೇನೆ. ಶಿವಮೊಗ್ಗದಲ್ಲಿರುವ ನಮ್ಮ ಚಿಕ್ಕಮ್ಮನ ಫೋನು. "ಫೋನ್ ಇಟ್ಟ ತಕ್ಷಣ ಹಾಗೇ ನಿಂತುಬಿಡುತ್ತೆ ಕಣೋ, ಆಮೇಲೆ ತಾನೇ ಆಫ್ ಆಗಿ ಆನ್ ಆಗುತ್ತೆ" ಅಂತ ಅವರ ದೂರು. ಅಂಗಡಿಯವನು ಬ್ಯಾಟರಿ ಬದಲಿಸಬೇಕು ಅಂದಿದ್ದನಂತೆ.

ರೀಸ್ಟಾರ್ಟ್ ಆದ ಮೇಲೆ Up time ನೋಡಿದರೆ ನೂರು ಗಂಟೆ ದಾಟಿತ್ತು. ಹಾಗಾಗಿ ಬ್ಯಾಟರಿ ಮಾತು ಅಲ್ಲಿಗೇ ಬಿಟ್ಟೆ. ಸೇಫ್ ಮೋಡ್‌ಗೆ ಹಾಕಿ, ಏರ್‌ಪ್ಲೇನ್ ಆಫ್ ಮಾಡಿ, ಅವರ ಮಾಮೂಲಿ ಸಂಜೆಯ ಕಾಲ್‌ಗಳನ್ನೆಲ್ಲ ಅದರಲ್ಲೇ ಮಾಡಲು ಹೇಳಿದೆ. ತೊಂದರೆ ಬರಲಿಲ್ಲ. ಆಚೆ ತಂದ ಮೇಲೆ ಅದೇ ಸಂಜೆ ಮತ್ತೆ ಬಂತು. ಆಪ್‌ನದೇ ಕೆಲಸ ಅನ್ನುವುದು ಖಾತ್ರಿಯಾಯಿತು.

ಈಗ ಯಾವ ಆಪ್? ಎಲ್ಲವನ್ನೂ ಸಾಲಾಗಿ ಅಳಿಸುವ ಬದಲು, ತೊಂದರೆ ಯಾವಾಗ ಬರುತ್ತದೆ ಅನ್ನುವುದನ್ನೇ ಹಿಡಿದುಕೊಂಡೆ. ಕಾಲ್ ಮುಗಿದಾಗ ಬರುತ್ತದೆ ಅಂದರೆ ಕಾಲ್ ಹೊತ್ತಿಗೆ ಎಚ್ಚರವಾಗುವ ಆಪ್ ಇರಬೇಕು. ಅಂಥವು ಕಣ್ಣಿಗೆ ಬೀಳುವ ಜಾಗ ಎರಡು. ಸೆಟ್ಟಿಂಗ್ಸ್‌ನ Special app access ಒಳಗಿನ Display over other apps ಅಲ್ಲಿ ಒಂದು, Accessibility ಪುಟದಲ್ಲಿ ಇನ್ನೊಂದು. ಮೊದಲನೆಯದು ಬೇರೆ ಆಪ್‌ಗಳ ಮೇಲೆ ತನ್ನ ಪಟ್ಟಿ ತೋರಿಸುವ ಅನುಮತಿ. ಎರಡನೆಯದು ಪರದೆಯ ಮೇಲೆ ನಡೆಯುವುದನ್ನೆಲ್ಲ ಓದುವ ಅನುಮತಿ. ಚಿಕ್ಕಮ್ಮನ ಫೋನಿನಲ್ಲಿ ಎರಡೂ ಕಡೆ ಇದ್ದದ್ದು ಒಂದೇ ಆಪ್, ಯಾರು ಕಾಲ್ ಮಾಡುತ್ತಿದ್ದಾರೆ ಅಂತ ಹೆಸರು ಕೂಗಿ ಹೇಳುವಂಥದ್ದು. ಅಡುಗೆ ಮನೆಯಲ್ಲಿದ್ದಾಗ ಅನುಕೂಲ ಅಂತ ಹಾಕಿಸಿಕೊಂಡಿದ್ದರಂತೆ. ಅದನ್ನು ಅದರ App info ಪುಟದಲ್ಲಿ Force stop ಮಾಡಿದೆ, ಅಂದರೆ ಬಲವಂತವಾಗಿ ನಿಲ್ಲಿಸಿದೆ. ಸಂಜೆಯ ಕಾಲ್‌ಗಳು ಸಲೀಸಾಗಿ ಮುಗಿದವು. ಮತ್ತೆ ಬೇಕಂತಲೇ ತೆರೆದು ಬಿಟ್ಟಾಗ ಫೋನು ಮತ್ತೆ ನಿಂತಿತು. ಆಮೇಲೇ ಅದನ್ನು ತೆಗೆದದ್ದು. ಹೆಸರು ಕೂಗುವ ಸೌಲಭ್ಯ ಆ ಫೋನಿನ ಸ್ವಂತ ಕಾಲ್ ಆಪ್‌ನಲ್ಲೇ ಇತ್ತು, ಅದನ್ನೇ ಆನ್ ಮಾಡಿಕೊಟ್ಟೆ.

ತೊಂದರೆಗೆ ಇಂಥ ಸಮಯದ ಗುರುತು ಇಲ್ಲದಿದ್ದರೆ ತಾರೀಕಿನ ಗುರುತು ಹುಡುಕಿ. ಪ್ಲೇ ಸ್ಟೋರ್‌ನ Manage apps ಪಟ್ಟಿಯನ್ನು ಇತ್ತೀಚೆಗೆ ಅಪ್‌ಡೇಟ್ ಆದ ಕ್ರಮದಲ್ಲಿ ಜೋಡಿಸಿ ನೋಡಬಹುದು. ಹೊಸದಾಗಿ ಹಾಕಿದ ಆಪ್ ಮಾತ್ರ ಅಲ್ಲ, ವರ್ಷಗಳಿಂದ ಇದ್ದು ಮೊನ್ನೆ ಅಪ್‌ಡೇಟ್ ಆದ ಆಪ್ ಕೂಡ ಅನುಮಾನಕ್ಕೆ ಅರ್ಹ. ನನ್ನ ಅನುಭವದಲ್ಲಿ ಮೊದಲು ನೋಡಬೇಕಾದವು: ಫೋನ್ ಕ್ಲೀನ್ ಮಾಡುತ್ತೇನೆ ಅನ್ನುವವು, ಬ್ಯಾಟರಿ ಉಳಿಸುತ್ತೇನೆ ಅನ್ನುವವು, ಲಾಂಚರ್‌ಗಳು, ಮತ್ತು ಪ್ಲೇ ಸ್ಟೋರ್‌ನ ಹೊರಗಿಂದ ಯಾರೋ ಕಳಿಸಿದ ಲಿಂಕ್‌ನಿಂದ ಹಾಕಿಕೊಂಡವು.

ಯಾವುದರ ಮೇಲೂ ಅನುಮಾನ ಬರುತ್ತಿಲ್ಲ. ಅರವತ್ತು ಆಪ್ ಇವೆ. ಒಂದೊಂದೇ ತೆಗೆಯಬೇಕಾ?

ಬೇಡ. ಅರ್ಧರ್ಧ ಮಾಡಿ. ಮೂವತ್ತು ಆಪ್‌ಗಳನ್ನು Force stop ಮಾಡಿ, ಫೋನನ್ನು ಬಳಸಿ. ತೊಂದರೆ ನಿಂತರೆ ಕಳ್ಳ ಆ ಮೂವತ್ತರಲ್ಲಿದ್ದಾನೆ, ನಿಲ್ಲದಿದ್ದರೆ ಉಳಿದ ಮೂವತ್ತರಲ್ಲಿ. ಆಮೇಲೆ ಹದಿನೈದು, ಎಂಟು, ನಾಲ್ಕು ಅಂತ ಇಳಿಯುತ್ತಾ ಹೋದರೆ ಅರವತ್ತು ಆಪ್‌ಗೂ ಆರು ಸುತ್ತು ಸಾಕು.

Force stop ಮಾಡಿದ ಆಪ್ ಅನ್ನು ನೀವಾಗಿ ತೆರೆಯುವವರೆಗೂ ಅದು ಸಾಮಾನ್ಯವಾಗಿ ತಾನಾಗೇ ಏಳೋದಿಲ್ಲ, ಫೋನ್ ರೀಸ್ಟಾರ್ಟ್ ಆದರೂ ಅಷ್ಟೇ. ಆದರೆ ಬೇರೊಂದು ಆಪ್ ಅದನ್ನು ಎಬ್ಬಿಸಬಹುದು. ಪರೀಕ್ಷೆಯ ಮಧ್ಯೆ ಅದರ App info ಪುಟ ನೋಡಿ: Force stop ಬಟನ್ ಬೂದಾಗಿದ್ದರೆ ಮಲಗಿದೆ, ಒತ್ತಲು ಬರುವಂತಿದ್ದರೆ ಎದ್ದಿದೆ.

Uninstall ಬಟನ್ ಒತ್ತಲಾಗುತ್ತಿಲ್ಲ, ಬೂದಾಗಿದೆ.

ಆ ಆಪ್ ಡಿವೈಸ್ ಅಡ್ಮಿನ್, ಅಂದರೆ ಫೋನಿನ ಮೇಲೆ ಹಿಡಿತ ಕೊಡುವ ಅನುಮತಿ ಪಡೆದುಕೊಂಡಿರಬಹುದು. ಸೆಟ್ಟಿಂಗ್ಸ್‌ನ ಹುಡುಕುವ ಜಾಗದಲ್ಲಿ Device admin apps ಅಂತ ಬರೆದು ತೆರೆಯಿರಿ, ಅಲ್ಲಿ ಅದನ್ನು ಆಫ್ ಮಾಡಿ, ಆಮೇಲೆ ತೆಗೆಯಿರಿ. ಈ ಕೆಲಸಕ್ಕೆ ಸೇಫ್ ಮೋಡ್ ತುಂಬಾ ಉಪಯೋಗ. ಮಾಮೂಲಿ ಸ್ಥಿತಿಯಲ್ಲಿ ಸೆಟ್ಟಿಂಗ್ಸ್ ತೆರೆದ ಕೂಡಲೇ ಅದನ್ನು ಮುಚ್ಚಿಬಿಡುವ, ಮೇಲೆ ಜಾಹೀರಾತು ಎರಚುವ ಪುಂಡ ಆಪ್‌ಗಳಿರುತ್ತವೆ. ಸೇಫ್ ಮೋಡ್‌ನಲ್ಲಿ ಅವು ಮಲಗಿರುವುದರಿಂದ ನೆಮ್ಮದಿಯಾಗಿ ತೆಗೆಯಬಹುದು.

ಆಪ್ ತೆಗೆಯುವ ಮೊದಲು ಏನಾದರೂ ಎಚ್ಚರಿಕೆ?

ವಾಟ್ಸಾಪ್ ಆದರೆ ಚಾಟ್ ಬ್ಯಾಕಪ್ ತೆಗೆದುಕೊಂಡಿದ್ದೀರಾ ನೋಡಿ. ಲಾಗಿನ್ ಕೋಡ್ ಕೊಡುವ ಆಥೆಂಟಿಕೇಟರ್ ಆಪ್ ಆದರೆ ಅದರೊಳಗಿನ ಖಾತೆಗಳನ್ನು ಬೇರೆ ಕಡೆ ವರ್ಗಾಯಿಸಿಕೊಂಡ ಮೇಲೆಯೇ ಮುಟ್ಟಿ, ಇಲ್ಲದಿದ್ದರೆ ನಿಮ್ಮ ಖಾತೆಗೆ ನೀವೇ ಹೊರಗಿನವರಾಗುತ್ತೀರಿ. ಯುಪಿಐ ಆಪ್‌ಗಳನ್ನು ಮತ್ತೆ ಹಾಕಿದಾಗ ಸಿಮ್‌ನಿಂದ ಎಸ್ಸೆಮ್ಮೆಸ್ ಹೋಗಿ ನಂಬರ್ ಖಾತ್ರಿಯಾಗಬೇಕು, ಆದ್ದರಿಂದ ಸಿಮ್‌ನಲ್ಲಿ ಎಸ್ಸೆಮ್ಮೆಸ್ ಹೋಗುವಷ್ಟು ಬ್ಯಾಲೆನ್ಸ್ ಇರಲಿ.

ಕಂಪ್ಯೂಟರ್ ಬಳಸಿ ಇನ್ನೂ ಖಚಿತವಾಗಿ ತಿಳಿಯಬಹುದಾ?

ಯುಎಸ್‌ಬಿ ಡೀಬಗ್ಗಿಂಗ್ ಆನ್ ಮಾಡಿ adb ಬಳಸಲು ಬರುವವರಿಗೆ ಹೌದು. ಮೊದಲ ಕಮಾಂಡ್ ನೀವು ಹಾಕಿಕೊಂಡ ಆಪ್‌ಗಳ ಪಟ್ಟಿ ಕೊಡುತ್ತದೆ, ಎರಡನೆಯದು ಫೋನು ಕೊನೆಯ ಸಲ ಯಾಕೆ ಬೂಟ್ ಆಯಿತು ಅಂತ, ಮೂರನೆಯದು ಇತ್ತೀಚಿನ ಕ್ರ್ಯಾಶ್‌ಗಳ ದಾಖಲೆ.

```
adb shell pm list packages -3
adb shell getprop sys.boot.reason
adb shell dumpsys dropbox
```

ಮೂರನೆಯದರಲ್ಲಿ ಸಮಯದ ಪಕ್ಕ ಹೆಸರುಗಳಿರುತ್ತವೆ. `SYSTEM_BOOT` ಅಂದರೆ ಪೂರ್ತಿ ಬೂಟ್. `SYSTEM_RESTART` ಅಂದರೆ ಆಂಡ್ರಾಯ್ಡ್ ಪದರ ಮಾತ್ರ ಮತ್ತೆ ಎದ್ದದ್ದು. ಅದರ ಸ್ವಲ್ಪ ಮುಂಚೆ `system_server_watchdog` ಕಂಡರೆ ಮೇಲೆ ಹೇಳಿದ ವಾಚ್‌ಡಾಗ್ ಕಥೆಯೇ. `data_app_crash` ಮತ್ತು `data_app_anr` ಸಾಲುಗಳು ನೀವು ಹಾಕಿದ ಆಪ್‌ಗಳವು. ಒಂದೇ ಆಪ್ ಹೆಸರು ಪ್ರತಿ ರೀಸ್ಟಾರ್ಟ್‌ಗೂ ಮುಂಚೆ ಕಾಣಿಸಿದರೆ ಅದರಿಂದಲೇ ಹುಡುಕಾಟ ಶುರು ಮಾಡಿ.

ಸೇಫ್ ಮೋಡ್‌ನಿಂದ ಆಚೆ ಬರೋದು ಹೇಗೆ? ಎಷ್ಟು ರೀಸ್ಟಾರ್ಟ್ ಮಾಡಿದರೂ ಅಲ್ಲೇ ಇದೆ.

ಸಾಮಾನ್ಯವಾಗಿ ಒಂದು ರೀಸ್ಟಾರ್ಟ್ ಸಾಕು. ಕೆಲವು ಫೋನುಗಳಲ್ಲಿ ಮೇಲಿನ ನೋಟಿಫಿಕೇಶನ್ ಒತ್ತಿದರೂ ಆಫ್ ಆಗುತ್ತದೆ. ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿದ್ದರೆ ಕವರ್ ಬಿಚ್ಚಿ ನೋಡಿ. ಬಿಗಿಯಾದ ಕವರ್ ವಾಲ್ಯೂಮ್ ಬಟನ್ ಒತ್ತಿ ಹಿಡಿದಿರುತ್ತದೆ, ಇಲ್ಲವೇ ಬಟನ್‌ನಲ್ಲಿ ಕೊಳೆ ಸೇರಿ ಒಳಗೇ ಸಿಕ್ಕಿಕೊಂಡಿರುತ್ತದೆ. ನೀವು ಕೇಳದೆಯೇ ಫೋನು ಸೇಫ್ ಮೋಡ್‌ಗೆ ಹೋಗೋದಕ್ಕೂ ಇದೇ ಕಾರಣ ಇರಬಹುದು.

ನನ್ನ ಫೋನಿನಲ್ಲಿ ಆ ಆಯ್ಕೆಯೇ ಬರೋದಿಲ್ಲ. ಯಾಕೆ?

ಆಫೀಸಿನವರು ಕೊಟ್ಟ ಫೋನಾದರೆ ಅವರು ಸೇಫ್ ಮೋಡ್ ಅನ್ನು ನಿರ್ಬಂಧಿಸಿರಬಹುದು. ಆಂಡ್ರಾಯ್ಡ್‌ನಲ್ಲಿ ಅದಕ್ಕೆಂದೇ ಒಂದು ನಿಯಮ ಇದೆ, ಇಲ್ಲದಿದ್ದರೆ ಅವರು ಹಾಕಿದ ಕಾವಲು ಆಪ್ ಅನ್ನು ಯಾರು ಬೇಕಾದರೂ ಮಲಗಿಸಬಹುದಿತ್ತು. ಕಂತಿನಲ್ಲಿ ಕೊಂಡು, ಸಾಲ ಕೊಟ್ಟವರ ಲಾಕ್ ಆಪ್ ಇರುವ ಫೋನಿನಲ್ಲೂ ಹೀಗಿರಬಹುದು. ಅಂಥ ಫೋನಿನಲ್ಲಿ ಅರ್ಧರ್ಧ Force stop ಮಾಡುವ ದಾರಿ ನಡೆಯುತ್ತದೆ, ಲಾಕ್ ಆಪ್ ಒಂದನ್ನು ಬಿಟ್ಟು.

ಐಫೋನ್‌ನಲ್ಲಿ?

ಬಳಸುವವರಿಗೆ ಇಂಥ ಸೇಫ್ ಮೋಡ್ ಐಫೋನ್‌ನಲ್ಲಿ ಇಲ್ಲ. ಅಲ್ಲಿ ಸೆಟ್ಟಿಂಗ್ಸ್‌ನ Privacy & Security ಒಳಗಿನ Analytics & Improvements ಅಲ್ಲಿ Analytics Data ತೆರೆದು, ಕ್ರ್ಯಾಶ್ ಆದ ತಾರೀಕಿನ ಪಕ್ಕ ಯಾವ ಆಪ್ ಹೆಸರು ಮತ್ತೆ ಮತ್ತೆ ಬರುತ್ತದೆ ಅಂತ ನೋಡಬಹುದು. `panic-full` ಅಂತ ಶುರುವಾಗುವ ಕಡತಗಳು ಇದ್ದರೆ ಅವು ಫೋನು ಪೂರ್ತಿ ಬಿದ್ದೆದ್ದ ಸಲದವು, ಸರ್ವಿಸ್ ಸೆಂಟರ್‌ಗೆ ಹೋದಾಗ ಅವನ್ನೇ ತೋರಿಸಿ.